ಸ್ಟಾರ್-ಡೆಲ್ಟಾ ಲ್ಯಾಡರ್: ಯಾವ ಔಟ್‌ಪುಟ್ ಯಾವಾಗ ಆನ್ ಆಗುತ್ತೆ?

ಹೊಸ ಪಿಎಲ್‌ಸಿ ಲ್ಯಾಡರ್ ಪ್ರೋಗ್ರಾಂ ಕೈಗೆ ಬಂದರೆ ನಾನು ಮೊದಲು ನೋಡುವುದು ಬಲಗಡೆಯ ಕಾಯಿಲ್‌ಗಳನ್ನು. ಈ ಔಟ್‌ಪುಟ್ ಆನ್ ಆಗಬೇಕಾದರೆ ಎಡಗಡೆ ಏನೇನು ನಿಜ ಆಗಿರಬೇಕು ಅಂತ ಹಿಂದಕ್ಕೆ ಓದುತ್ತಾ ಹೋಗುತ್ತೇನೆ. ಪೀಣ್ಯದ ಒಂದು ಪಂಪ್ ಪ್ಯಾನೆಲ್‌ನಲ್ಲಿ, ಮೋಟರನ್ನು ಸ್ಟಾರ್‌ನಲ್ಲಿ ಶುರು ಮಾಡಿ ಆಮೇಲೆ ಡೆಲ್ಟಾಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹೀಗಿತ್ತು:

```
1: (I0.0 OR Q0.0) AND I0.1 AND I0.2 -> Q0.0
2: Q0.0 -> T1 (TON, 8s)
3: Q0.0 AND NOT T1 AND NOT Q0.2 -> Q0.1
4: Q0.0 AND T1 AND NOT Q0.1 -> Q0.2
```

ಇಲ್ಲಿ I0.0 ಸ್ಟಾರ್ಟ್ ಬಟನ್, I0.1 ಸ್ಟಾಪ್, I0.2 ಓವರ್‌ಲೋಡ್ ರಿಲೇ. Q0.0 ಮೇನ್, Q0.1 ಸ್ಟಾರ್, Q0.2 ಡೆಲ್ಟಾ ಕಾಂಟ್ಯಾಕ್ಟರ್. T1 8 ಸೆಕೆಂಡ್ ಆದಮೇಲೆ ನಿಜ ಆಗುವ ಟೈಮರ್.

ಸ್ಟಾಪ್ ನೋಡಿ. ಲ್ಯಾಡರ್‌ನಲ್ಲಿ ಅದು ಸಾದಾ ಓಪನ್ ಕಾಂಟ್ಯಾಕ್ಟ್. ಆದರೆ ಬಟನ್ ಎನ್‌ಸಿ, ಹಾಗಾಗಿ ಯಾರೂ ಒತ್ತದೇ ಇದ್ದಾಗ I0.1 ಬೆಲೆ 1 ಆಗಿರುತ್ತದೆ, ರಂಗ್‌ನಲ್ಲಿ ಆ ಕಾಂಟ್ಯಾಕ್ಟ್ ದಾರಿ ಬಿಡುತ್ತದೆ. ವೈರ್ ತುಂಡಾದರೂ ಮೋಟರ್ ನಿಲ್ಲಬೇಕು ಅಂತ ಹೀಗೆ ಮಾಡುತ್ತಾರೆ. ಸ್ಟಾರ್ಟ್ ಒತ್ತಿ ಬಿಟ್ಟರೆ Q0.0 ತನ್ನ ಕಾಂಟ್ಯಾಕ್ಟ್‌ನಿಂದಲೇ ಹೋಲ್ಡ್ ಆಗುತ್ತದೆ, Q0.0 ಆನ್ ಆದ ಸ್ಕ್ಯಾನ್‌ನಲ್ಲೇ ಮೂರನೇ ರಂಗ್ ಸ್ಟಾರ್ ಅನ್ನೂ ಎಳೆಯುತ್ತದೆ.

ಅಸಲಿ ವಿಷಯ 8 ಸೆಕೆಂಡ್ ಆದಮೇಲೆ. ಪಿಎಲ್‌ಸಿ ಮೊದಲು ಇನ್‌ಪುಟ್ ಎಲ್ಲ ಓದುತ್ತದೆ, ಆಮೇಲೆ ರಂಗ್‌ಗಳನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ಲೆಕ್ಕ ಹಾಕಿ, ಕೊನೆಗೆ ಔಟ್‌ಪುಟ್‌ಗಳನ್ನೆಲ್ಲ ಒಟ್ಟಿಗೆ ಟರ್ಮಿನಲ್‌ಗೆ ಕಳಿಸುತ್ತದೆ. T1 ನಿಜ ಆದ ಸ್ಕ್ಯಾನ್‌ನಲ್ಲಿ ಮೂರನೇ ರಂಗ್ Q0.1 ಅನ್ನು ಸೊನ್ನೆ ಮಾಡುತ್ತದೆ. ನಾಲ್ಕನೇ ರಂಗ್‌ಗೆ ಬಂದಾಗ Q0.1 ಆಗಲೇ ಸೊನ್ನೆ, ಹಾಗಾಗಿ Q0.2 ಅದೇ ಸ್ಕ್ಯಾನ್‌ನಲ್ಲಿ 1 ಆಗುತ್ತದೆ. ಅಂದರೆ ಸ್ಟಾರ್ ಹೋಗುವುದೂ ಡೆಲ್ಟಾ ಬರುವುದೂ ಹೊರಗೆ ಒಂದೇ ಕ್ಷಣ. ಕಾಗದದ ಮೇಲೆ ಇಂಟರ್‌ಲಾಕ್ ಇದೆ, ಆದರೆ ಕಾಂಟ್ಯಾಕ್ಟರ್ ಬಿಡುವುದಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕಲ್ವಾ? ಸ್ಟಾರ್ ಇನ್ನೂ ಬಿಡದೇ ಇರುವಾಗ ಡೆಲ್ಟಾ ಕೂತರೆ ಮೂರೂ ಫೇಸ್ ಶಾರ್ಟ್. ಸ್ಟಾರ್ಟ್ ಸರಿಯಾಗಿ ಆಗಿ, ಬದಲಾಗುವ ಹೊತ್ತಿಗೆ ಮಾತ್ರ ಬ್ರೇಕರ್ ಟ್ರಿಪ್ ಆಗುತ್ತಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ರಂಗ್ 3, 4 ಅದಲುಬದಲು ಮಾಡಿದರೆ ಡೆಲ್ಟಾ ಒಂದು ಸ್ಕ್ಯಾನ್ ತಡವಾಗಿ ಬರುತ್ತದೆ, ಅಷ್ಟೇ. ಅದು ಕೆಲವೇ ಮಿಲಿಸೆಕೆಂಡ್, ಸಾಲದು. ನಾನು T1 ನಿಂದ ಓಡುವ 100 ಮಿಲಿಸೆಕೆಂಡ್‌ನ ಇನ್ನೊಂದು ಟೈಮರ್ ಸೇರಿಸಿದೆ:

```
T1 -> T2 (TON, 100ms)
4: Q0.0 AND T2 AND NOT Q0.1 -> Q0.2
```

ಇದರ ಜೊತೆಗೆ ಸ್ಟಾರ್ ಕಾಂಟ್ಯಾಕ್ಟರ್‌ನ ಎನ್‌ಸಿ ಆಕ್ಸಿಲರಿಯನ್ನು ಡೆಲ್ಟಾ ಕಾಯಿಲ್‌ನ ಸೀರೀಸ್‌ನಲ್ಲಿ ವೈರ್ ಮಾಡಲೇಬೇಕು, ಡೆಲ್ಟಾದ್ದನ್ನು ಸ್ಟಾರ್‌ಗೂ. ಯಾಕೆಂದರೆ ಕಾಂಟ್ಯಾಕ್ಟ್ ಬೆಸುಗೆಯಾಗಿ ಸ್ಟಾರ್ ಅಂಟಿಕೊಂಡರೆ Q0.1 ಸೊನ್ನೆಯೇ ತೋರಿಸುತ್ತದೆ, ಪ್ರೋಗ್ರಾಂಗೆ ಅದು ಕಾಣುವುದೇ ಇಲ್ಲ. ಆಮೇಲೆ ಮೋಟರ್ ಕೇಬಲ್ ಬಿಚ್ಚಿಟ್ಟು, ಪವರ್ ಸರ್ಕ್ಯೂಟ್ ಆಫ್ ಮಾಡಿ, ಬರೀ ಕಂಟ್ರೋಲ್ ಸಪ್ಲೈನಲ್ಲಿ ಓಡಿಸಿ ನೋಡಿದೆ: ಸ್ಟಾರ್ ಬಿಟ್ಟ ಟಕ್, ಒಂದು ಚಿಕ್ಕ ಸಂದು, ಆಮೇಲೆ ಡೆಲ್ಟಾ ಕೂತ ಟಕ್.