ಲೂಪು ಎಳೆದಾಗ ಕರೆಂಟು ಯಾವ ಕಡೆ: ನಾನು ಹಿಡಿದ ದಾರಿ

ಕಾಂತಕ್ಷೇತ್ರದಿಂದ ತಂತಿಯ ಲೂಪನ್ನು ಎಳೆದಾಗ ಕರೆಂಟು ಯಾವ ಕಡೆ ಹರಿಯುತ್ತದೆ ಅನ್ನುವ ಲೆಕ್ಕ ಪಿಯು ಎರಡನೇ ವರ್ಷದಲ್ಲಿ ಬಂದಾಗಲೆಲ್ಲ ನಾನು ಎಡಗೈ, ಬಲಗೈ ಎರಡನ್ನೂ ತಿರುಗಿಸಿ ತಿರುಗಿಸಿ ಕೊನೆಗೆ ಉಲ್ಟಾ ಉತ್ತರ ಬರೆಯುತ್ತಿದ್ದೆ. ಈಗ ಕಲಬುರಗಿಯ ನಮ್ಮ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಹುಡುಗರಿಗೂ ಅದೇ ಗೋಳು. "ಸರ್, ಇದಕ್ಕ ಯಾವ ಕೈ ಹಿಡಿಬೇಕ್ರಿ?"

ಕೈ ಆಮೇಲೆ, ಮೊದಲು ಎಳೆಯೋದು ಯಾರು ಅಂತ ನೋಡು ಅನ್ನುತ್ತೇನೆ.

ಶಹಾಬಾದ್ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆಯುತ್ತೇನೆ, ಅದರೊಳಗೆ ಮಾತ್ರ ಕಾಂತಕ್ಷೇತ್ರ, ಮೇಲಿನಿಂದ ನೆಲದೊಳಗೆ ಹೋಗುವಂಥದ್ದು, 0.5 ಟೆಸ್ಲಾ. ಅದರಿಂದ ಅರ್ಧ ಹೊರಗೆ ಬಂದಿರುವ ತಂತಿಯ ಲೂಪು. ಎಡ ಬದಿ ಇನ್ನೂ ಒಳಗಿದೆ, ಉದ್ದ 20 ಸೆಂ.ಮೀ. ನಾನು ಅದನ್ನು ಬಲಕ್ಕೆ ಸೆಕೆಂಡಿಗೆ 2 ಮೀಟರ್ ಒಂದೇ ವೇಗದಲ್ಲಿ ಎಳೆಯುತ್ತಿದ್ದೇನೆ. ತಂತಿಯ ರೋಧ 0.4 ಓಮ್.

ಕರೆಂಟು ಹರಿದರೆ ತಂತಿ ಬಿಸಿಯಾಗುತ್ತದೆ, ಅಲ್ವಾ? ಆ ಶಾಖ ಎಲ್ಲಿಂದ ಬಂತು? ಬ್ಯಾಟರಿ ಇಲ್ಲ. ನನ್ನ ಕೈಯೇ ಕೊಡಬೇಕು. ಅಂದರೆ ಕಾಂತಬಲ ನನ್ನನ್ನು ತಡೆಯಬೇಕು, ಎಡಕ್ಕೆ ಎಳೆಯಬೇಕು. ಬಲಕ್ಕೇ ತಳ್ಳಿದರೆ ಲೂಪು ತಾನೇ ಓಡುತ್ತದೆ, ಓಡಿದಷ್ಟು ಕರೆಂಟು ಜಾಸ್ತಿ, ಮತ್ತೆ ಇನ್ನಷ್ಟು ವೇಗ, ಜೊತೆಗೆ ಶಾಖವೂ ಪುಕ್ಕಟೆ. ಹಂಗೆಲ್ಲಾ ಆಗಲ್ಲ.

ಮೇಲಿನ, ಕೆಳಗಿನ ಬದಿಗಳ ಬಲ ಒಂದಕ್ಕೊಂದು ವಜಾ ಆಗುತ್ತವೆ. ಬಲಗಡೆಯ ಬದಿ ಹೊರಗೇ ಇದೆ. ಉಳಿದದ್ದು ಎಡ ಬದಿ ಒಂದೇ. ಈಗ ಎಡಗೈ ತೆಗೆಯಿರಿ: ತೋರುಬೆರಳು ಅಂದರೆ ಕಾಂತಕ್ಷೇತ್ರ, ನೆಲದೊಳಕ್ಕೆ; ಹೆಬ್ಬೆರಳು ಅಂದರೆ ತಡೆಯುವ ಬಲ, ಎಡಕ್ಕೆ. ಕರೆಂಟಿನ ನಡುಬೆರಳು ಚಿತ್ರದಲ್ಲಿ ಮೇಲಕ್ಕೆ ತೋರಿಸುತ್ತದೆ. ಎಡ ಬದಿಯಲ್ಲಿ ಕರೆಂಟು ಮೇಲಕ್ಕೆ ಹೋದರೆ ಇಡೀ ಲೂಪಿನಲ್ಲಿ ಗಡಿಯಾರದ ಮುಳ್ಳಿನ ದಿಕ್ಕು.

ಬಾಯಿಮಾತಿಗೆ ಹುಡುಗರು ಒಪ್ಪಲ್ಲ, ಅದಕ್ಕೆ ಅಂಕಿ ಹಾಕಿಸುತ್ತೇನೆ. ವೋಲ್ಟೇಜು BLv, 0.2 ವೋಲ್ಟ್. ಕರೆಂಟು 0.5 ಆಂಪಿಯರ್. ತಡೆಯುವ ಬಲ BIL, 0.05 ನ್ಯೂಟನ್, ಸುಮಾರು ಐದು ಗ್ರಾಂ ಭಾರದಷ್ಟು, ಕೈಗೆ ಗೊತ್ತೇ ಆಗಲ್ಲ. ನಾನು ಕೊಡುವ ಶಕ್ತಿ ಸೆಕೆಂಡಿಗೆ Fv, 0.1 ಜೂಲ್. ತಂತಿಯಲ್ಲಿ ಶಾಖವಾಗುವುದು I²R, ಅದೂ 0.1. ಕೊಟ್ಟದ್ದಕ್ಕೂ ಖರ್ಚಾದದ್ದಕ್ಕೂ ತಾಳೆ ಬಿತ್ತು.

ಹೆಚ್ಚಿನವರು ಎಡವುವುದು ಲೂಪನ್ನು ಒಳಗೆ ತಳ್ಳುವಾಗ. ಎಡಗಡೆಯಿಂದ ಬಲಕ್ಕೇ ತಳ್ಳಿ, ತಡೆಯುವ ಬಲ ಈಗಲೂ ಎಡಕ್ಕೇ. ಆದರೆ ಒಳಗಿರುವುದು ಬಲಗಡೆಯ ಬದಿ, ಕರೆಂಟು ಅದರಲ್ಲಿ ಮೇಲಕ್ಕೆ, ಹಾಗಾಗಿ ದಿಕ್ಕು ತಿರುಗುಮುರುಗು. ಪೂರ್ತಿ ಒಳಗಿದ್ದಾಗ ಕರೆಂಟೇ ಇಲ್ಲ, ತಡೆಯೂ ಇಲ್ಲ.

ಮೊನ್ನೆ ಒಬ್ಬ ಹುಡುಗಿ ಸೀಮೆಸುಣ್ಣದ ಗೆರೆಯನ್ನು ಒಂದು ಕಡೆ ಬೆರಳಿಂದ ಒರೆಸಿ, "ಇಲ್ಲಿ ತಂತಿ ಕಡಿದ್ರ ಏನಾಗ್ತದ್ರಿ ಸರ್?" ಅಂದಳು. 0.2 ವೋಲ್ಟ್ ಹಾಗೇ ಇರುತ್ತದೆ, ಕರೆಂಟು ಹರಿಯಲ್ಲ, ಬಿಸಿ ಆಗಲ್ಲ. ಎಳೆಯುವ ಕೈಗೂ ಕೆಲಸವಿಲ್ಲ.