ಪಾಯ ತೋಡುವ ಮೊದಲು ಪಕ್ಕದ ಮನೆಗೊಂದು ಪತ್ರ

ಬೆಂಗಳೂರಿನ ಒಂದು 30×40 ಸೈಟು. ಹಳೇ ಮನೆ ಕೆಡವಿ, ಕಾರು ನಿಲ್ಲಿಸಲು 9 ಅಡಿ ಆಳದ ಬೇಸ್‌ಮೆಂಟ್ ತೋಡಬೇಕು. ಪಶ್ಚಿಮಕ್ಕೆ 40 ಅಡಿ ಉದ್ದದ ಕಾಂಪೌಂಡ್ ಗೋಡೆ. ಅದು ಎರಡೂ ಮನೆಯವರು ಅರ್ಧರ್ಧ ದುಡ್ಡು ಹಾಕಿ ಕಟ್ಟಿಸಿದ್ದು. ಜೆಸಿಬಿ ಬರುವ ಹಿಂದಿನ ದಿನ ಗೇಟಿನ ಬಳಿ ನಿಂತು ‘ನಾಳೆಯಿಂದ ಸ್ವಲ್ಪ ಸದ್ದು’ ಎಂದು ಹೇಳಿದರೆ ಸಾಲದು, ಪತ್ರ ಬೇಕು. ಆದರೆ ಪತ್ರಕ್ಕಿಂತ ಮೊದಲು ಪಿಕಾಸಿ ಹಿಡಿಯಬೇಕು.

ನಿಮ್ಮ ಕಡೆಯಿಂದ ಗೋಡೆಯ ಬುಡದಲ್ಲಿ ಎರಡಡಿ ಅಗಲದ ಸಣ್ಣ ಗುಂಡಿ ತೋಡಿಸಿ, ಗೋಡೆಯ ಪಾಯ ಎಲ್ಲಿಗೆ ಮುಗಿಯುತ್ತದೆ ನೋಡಿ. ಈ ಸೈಟಿನಲ್ಲಿ ಸೈಜುಗಲ್ಲಿನ ಪಾಯ ಎರಡೂವರೆ ಅಡಿಗೇ ಮುಗಿದಿತ್ತು. ಅಂದರೆ ಹೊಸ ಗುಂಡಿ ಅದಕ್ಕಿಂತ ಆರೂವರೆ ಅಡಿ ಕೆಳಗಿಳಿಯುತ್ತದೆ. ಹಳೇ ಪಾಯಕ್ಕಿಂತ ಒಂದಡಿ ಕೆಳಗಿಳಿದರೆ ಎರಡಡಿ ದೂರವಿರಬೇಕು ಎಂಬುದು ಇಂಜಿನಿಯರುಗಳ ಸಾಮಾನ್ಯ ಲೆಕ್ಕ. ಹಾಗೆ ನೋಡಿದರೆ ಗೋಡೆಯಿಂದ 13 ಅಡಿ ಬಿಡಬೇಕು. 30 ಅಡಿ ಅಗಲದಲ್ಲಿ 13 ಅಡಿ ಬಿಟ್ಟರೆ ಬೇಸ್‌ಮೆಂಟ್ ಎಲ್ಲಿಂದ ಬಂತು? ಹಾಗಾಗಿ ಗೋಡೆಯ ಪಕ್ಕದಲ್ಲಿ ಒಂದೇ ಸಲ ಉದ್ದಕ್ಕೂ ತೋಡುವಂತಿಲ್ಲ. 40 ಅಡಿಯನ್ನು ಐದೈದು ಅಡಿಯ ಎಂಟು ತುಂಡು ಮಾಡಿ, ಮೊದಲು 1, 4, 7ನೇ ತುಂಡು ತೋಡಿ ಕಾಂಕ್ರೀಟ್ ತಡೆಗೋಡೆ ಕಟ್ಟಬೇಕು. ಅದು ಗಟ್ಟಿಯಾದ ಮೇಲೆ 2, 5, 8; ಕೊನೆಗೆ 3, 6. ಪತ್ರದ ಜೀವ ಇರುವುದು ಈ ವಿವರದಲ್ಲೇ.

ಪತ್ರ ಹೀಗಿರಲಿ:

‘ಪಕ್ಕದ ಮನೆಯ ಯಜಮಾನರಿಗೆ ನಮಸ್ಕಾರಗಳು. ನಮ್ಮ ಸೈಟಿನಲ್ಲಿ ಜನವರಿ 12ರಿಂದ ಬೇಸ್‌ಮೆಂಟಿಗಾಗಿ ಮಣ್ಣು ತೆಗೆಸುತ್ತಿದ್ದೇವೆ. ನಮ್ಮಿಬ್ಬರಿಗೂ ಸೇರಿದ ಕಾಂಪೌಂಡ್ ಗೋಡೆಯ ಪಾಯ ಎರಡೂವರೆ ಅಡಿ ಇದ್ದು, ನಾವು 9 ಅಡಿ ಆಳಕ್ಕೆ ಹೋಗುತ್ತೇವೆ. ಗೋಡೆಯ ಬದಿಯಲ್ಲಿ ಐದೈದು ಅಡಿಯಂತೆ ನಡುವೆ ಬಿಟ್ಟು ತೋಡಿ, ಆಯಾ ತುಂಡಿಗೆ ತಡೆಗೋಡೆ ಕಟ್ಟಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕುತ್ತೇವೆ. ನಕ್ಷೆಯ ಪ್ರತಿ, ಇಂಜಿನಿಯರ್ ಹೆಸರು ಮತ್ತು ಫೋನ್ ನಂಬರ್ ಜೊತೆಗಿದೆ. ಗೋಡೆಯ ಹತ್ತಿರ ನಿಮ್ಮ ಸಂಪು ಅಥವಾ ಪೈಪು ಇದ್ದರೆ ತಿಳಿಸಬೇಕು. ಕೆಲಸಕ್ಕೆ ಮೊದಲು ಒಂದು ದಿನ ನಿಮ್ಮ ಜೊತೆ ನಿಂತು ಗೋಡೆಯ, ಮನೆಯ ಫೋಟೊ ತೆಗೆಯಲು ಅವಕಾಶ ಕೊಡಬೇಕು. ನಮ್ಮ ಕೆಲಸದಿಂದ ಬಿರುಕು, ಹಾನಿ ಆದರೆ ನಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡುತ್ತೇವೆ.’

ಸಂಪಿನ ಪ್ರಶ್ನೆಯನ್ನು ಬಿಡಬೇಡಿ. ನಮ್ಮೂರಿನ ಮನೆಗಳಲ್ಲಿ ಸಂಪು ಕಾಂಪೌಂಡಿಗೆ ಅಂಟಿಕೊಂಡೇ ಇರುವುದು ಹೆಚ್ಚು. ಈಚೆ ಮಣ್ಣು ತೆಗೆದರೆ ತುಂಬಿದ ಸಂಪಿಗೆ ಆ ಬದಿಯ ಆಸರೆ ತಪ್ಪುತ್ತದೆ. ಸಣ್ಣಗೆ ಸೋರುತ್ತಿದ್ದರಂತೂ ಮಣ್ಣು ನೆನೆದು ಕುಸಿಯಲು ಮಳೆಯೇ ಬೇಕಿಲ್ಲ. ಆ ಬದಿ ತೋಡುವಷ್ಟು ದಿನ ಅವರ ಸಂಪು ಖಾಲಿ ಇರಲಿ, ನೀರಿಗೆ ನೀವೇ ಒಂದು ಸಿಂಟೆಕ್ಸ್ ಟ್ಯಾಂಕ್ ಇಟ್ಟುಕೊಡಿ.

‘ನಮ್ಮ ಗೋಡೆ’ ಎಂದು ಬರೆಯಬೇಡಿ. ಅದೊಂದು ಪದಕ್ಕೇ ಸರ್ವೆಯವರನ್ನು ಕರೆಸಿದವರಿದ್ದಾರೆ. ಗೋಡೆ ಪೂರ್ತಿ ಅವರ ಜಾಗದಲ್ಲಿದ್ದರೆ ಹಾಗೆಂದೇ ಬರೆಯಿರಿ.

ಕಾನೂನು ಇಷ್ಟು: 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಪಕ್ಕದವರ ಬರೀ ನೆಲಕ್ಕೆ ನಿಮ್ಮ ಮಣ್ಣಿನ ಸಹಜ ಆಸರೆಯ ಹಕ್ಕಿದೆ. ನೆಲದ ಮೇಲಿನ ಕಟ್ಟಡಕ್ಕೆ ಆ ಹಕ್ಕು ತಾನಾಗಿ ಬರುವುದಿಲ್ಲ. 15ನೇ ಸೆಕ್ಷನ್ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ ಆಸರೆ ಪಡೆದಿದ್ದರೆ ಬರುತ್ತದೆ. ಆದ್ದರಿಂದ ಆ ಮನೆ ಯಾವಾಗ ಕಟ್ಟಿದ್ದು ಎಂದು ತಿಳಿದುಕೊಂಡಿರಿ. ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಇಂಥ ಅಗೆತಕ್ಕೆ ಒಂದು ತಿಂಗಳ ನೋಟಿಸ್ ಕೇಳುತ್ತದೆ. ನಾವೂ ಅಷ್ಟೇ ದಿನ ಇಟ್ಟುಕೊಂಡರೆ ಸಂಪು, ಫೋಟೊ ಎಲ್ಲಕ್ಕೂ ಸಮಯ ಸಿಗುತ್ತದೆ.

ಫೋಟೊ ತೆಗೆಯುವ ದಿನ ಹಳೇ ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ದೊಡ್ಡ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಅಂಟಿಸಿ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಕೆಲಸ ನಡೆಯುವಾಗ ಅವರ ಅಂಗಳದಲ್ಲಿ ಗುಂಡಿಗೆ ಸಮಾನಾಂತರವಾಗಿ ಕೂದಲೆಳೆ ಬಿರುಕು ಕಂಡರೆ, ಇಲ್ಲವೇ ಅವರ ಗೇಟಿನ ಚಿಲಕ ಇದ್ದಕ್ಕಿದ್ದಂತೆ ಕೂರದಿದ್ದರೆ, ಅಗೆತ ನಿಲ್ಲಿಸಿ, ಆ ತುಂಡಿಗೆ ಮಣ್ಣು ವಾಪಸ್ ತುಂಬಿ ಇಂಜಿನಿಯರನ್ನು ಕರೆಸಿ.

ಪತ್ರವನ್ನು ಎರಡು ಪ್ರತಿ ಮಾಡಿ ಕೈಯಾರೆ ಕೊಟ್ಟು, ಒಂದರ ಮೇಲೆ ‘ತಲುಪಿದೆ’ ಎಂಬ ಸಹಿ ಪಡೆಯಿರಿ. ಅದು ತಲುಪಿದ್ದಕ್ಕೆ ಸಹಿಯೇ ಹೊರತು ಒಪ್ಪಿಗೆಗಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಸಹಿಗೆ ಹಿಂಜರಿಯುವವರೂ ಹಾಕುತ್ತಾರೆ. ಮನೆಯಲ್ಲಿ ಬಾಡಿಗೆಯವರಿದ್ದರೆ ಅವರಿಗೊಂದು ಪ್ರತಿ ಕೊಟ್ಟು, ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಮಾಡಿಡಿ.