ಹನ್ನೆರಡು ಮನಿ, ನೂರಾ ಇಪ್ಪತ್ತು ಹುಣಸಿ ಬೀಜ

ಯುಗಾದಿ ಹತ್ರ ಬಂತಂದ್ರ ಸಾಕು, ನಮ್ಮ ಹುಡುಗ್ರು ಹೊಸ ಡೈರಿ ತಂದು ಮೊದಲನೇ ಹಾಳಿಯೊಳಗ "ಈ ವರ್ಷ ಒಂದು ಲಕ್ಷ ಉಳಿಸಬೇಕು" ಅಂತ ಬರೀತಾರ. ಹೋದ ವರ್ಷ ಎಷ್ಟು ಹೋತು, ಎಲ್ಲಿ ಹೋತು ಅಂತ ಕೇಳ್ರಿ, ಗಂಡ ಹೆಂಡತಿ ಒಬ್ಬರ ಮಾರಿ ಒಬ್ಬರು ನೋಡ್ತಾರ. ಹಿಂದಿನ ಲೆಕ್ಕ ಮುಗಸದ ಮುಂದಿಂದು ಬರದ್ರ ಅದು ಬರೇ ಹಾಳಿ ಕೆಡಿಸೋ ಕೆಲಸ. ನೋಡಿ ನೋಡಿ ಸಾಕಾಗಿ ಇವತ್ತು ಬರ್ಯಾಕ ಕುಂತೀನಿ.

ನನ್ನ ತಂಗಿ ಮಗ ಕೊಪ್ಪಳದಾಗ ಸಂಸಾರ ಮಾಡ್ಯಾನ. ಹೋದ ತಿಂಗಳು ಬಂದಾಗ ಅಂದ, "ದೊಡ್ಡವ್ವ, ತಿಂಗಳಿಗೆ 32 ಸಾವಿರದಾಗ ಮನಿ ನಡಸ್ತೀವಿ, ಬರೋದು 39 ಸಾವಿರದ ಮ್ಯಾಲೆ. ಆದ್ರೂ ಒಂದು ಪೈಸೆ ನಿಲ್ಲಂಗಿಲ್ಲ." ನಾನು ಖರ್ಚಿನ ಪಟ್ಟಿ ಕೇಳಲೇ ಇಲ್ಲ. ಖರ್ಚು ಬರ್ಕೊಂಡು ಕೂಡಿಸಿದವ್ರು ಯಾವಾಗಲೂ ಅರ್ಧ ಮರೀತಾರ. ಪಾಸ್‌ಬುಕ್ ಬ್ಯಾಂಕಿಗೆ ಒಯ್ದು ಹೊಡಿಸ್ಕೊಂಡು ಬಾ ಅಂದೆ.

ಲೆಕ್ಕ ಒಂದೇ. ಹೋದ ವರ್ಷ ಏಪ್ರಿಲ್ 1ಕ್ಕ ಬ್ಯಾಂಕಿನಾಗ, ಮನಿ ಡಬ್ಬ್ಯಾಗ ಎಷ್ಟಿತ್ತು? ಅದಕ್ಕ ವರ್ಷದಾಗ ಬಂದದ್ದೆಲ್ಲಾ ಸೇರಿಸ್ರಿ. ಮಾರ್ಚ್ 31ಕ್ಕ ಉಳದದ್ದು ಕಳೀರಿ. ಏನು ಬರ್ತೈತಿ, ಅಷ್ಟು ಹೋಗೈತಿ, ನೀವು ಬರ್ಕೊಂಡಿರ್ರಿ ಬಿಡ್ರಿ. ಅವರ ಹತ್ರ ಮೊದಲು 21,000 ಇತ್ತು. ಅವನ ಪಗಾರ, ಸೊಸಿ ಹೊಲಿಗಿ ರೊಕ್ಕ, ಗೃಹಲಕ್ಷ್ಮಿ ಕಂತು ಎಲ್ಲಾ ಸೇರಿ ಬಂದದ್ದು 4,74,000. ಗೃಹಲಕ್ಷ್ಮಿದು ತಿಂಗಳಿಗೆ 2,000 ಅಂತ ಹನ್ನೆರಡರಿಂದ ಗುಣಸಬ್ಯಾಡ್ರಿ, ಪಾಸ್‌ಬುಕ್ಕಿನಾಗ ಬಿದ್ದ ಕಂತಷ್ಟೇ ಎಣಸ್ರಿ. ಗಂಡನ ಖಾತೆಯಿಂದ ಹೆಂಡತಿ ಖಾತೆಗೆ ಹಾಕಿದ್ದನ್ನೂ ಆದಾಯ ಅನ್ನಬ್ಯಾಡ್ರಿ, ಅದು ಎಡಗೈಯಿಂದ ಬಲಗೈಗೆ ಬಂದ ರೊಕ್ಕ.

ಇನ್ನ ಸಾಲ. ಸೊಸಿ ಬಂಗಾರ ಅಡವಿಟ್ಟು 40,000 ತಂದಿದ್ರು, ಅದನ್ನ ಲೆಕ್ಕಕ್ಕೇ ಹಿಡದಿದ್ದಿಲ್ಲ! ತಂದ ಸಾಲನೂ ಮನಿಗೆ ಬಂದ ರೊಕ್ಕನ. ಅದನ್ನೂ ಕೂಡಿಸಿ, ಕೊನಿಗೆ ಉಳದ 15,000 ಕಳದ್ರ, ಹೋಗಿದ್ದು 5,20,000. ತಿಂಗಳಿಗೆ 32 ಸಾವಿರದಂಗ ಆಗಬೇಕಾದದ್ದು 3,84,000. ನಡುವ 1,36,000 ರೂಪಾಯಿ ಅವರಿಗೆ ಗೊತ್ತೇ ಇಲ್ಲದಂಗ ಹರದು ಹೋಗೈತಿ. ಅದರಾಗ ಅಡವಿನ 40,000 ಸೀಮಂತಕ್ಕ, ಆಸ್ಪತ್ರಿಗೆ ಹೋಗಿದ್ದು ನೆನಪಿತ್ತು. ಉಳದ 96,000?

ಇಲ್ಲೇ ನನ್ನ ಹುಣಸಿ ಬೀಜ ಬರೋದು. ನಮ್ಮತ್ತಿಗೆ ಓದು ಬರಹ ಬರ್ತಿದ್ದಿಲ್ಲ. ನಮ್ಮ ಮಾವನವ್ರು ಗಂಗಾವತಿ ಅಕ್ಕಿ ಗಿರಣ್ಯಾಗ ಗುಮಾಸ್ತರಿದ್ರು, ಊರ ಲೆಕ್ಕ ಎಲ್ಲಾ ಬರೀತಿದ್ರು, ಮನಿ ಲೆಕ್ಕ ಮಾತ್ರ ಅತ್ತೀದೇ. ಪಡಸಾಲಿ ಸಾರಿಸಿ, ರಂಗೋಲಿಯಿಂದ ಹನ್ನೆರಡು ಮನಿ ಎಳದು, ಬೀಜ ಹಾಕ್ತಾ ಕುಂದ್ರತಿದ್ಲು. ನಾನೂ ಹಂಗೇ ಮಾಡ್ತೀನಿ. ಬೀಜ ದಪ್ಪನವು ಆರಿಸ್ಕೊಳ್ರಿ, ತೊಳದು ಒಂದು ದಿನ ಬಿಸಲಾಗ ಒಣಗಿಸ್ರಿ, ಅಂಟಿದ್ರ ಎರಡು ಕೂಡಿ ಬಂದು ಲೆಕ್ಕ ತಪ್ಪತೈತಿ. (ಈಗಿನ ಹುಡುಗ್ಯಾರು ಬೀಜ ತಗದ ಹುಣಸಿಹಣ್ಣು ಕೊಂಡು ತರ್ತಾರ. ಮಾರ್ಚಿನಾಗ ಕಾಯಿ ತಂದು, ಬೀಜ ನಾರು ತಗದು, ಕಲ್ಲುಪ್ಪು ಹಾಕಿ ಗಟ್ಟಿಯಾಗಿ ಮಣ್ಣಿನ ಗಡಗ್ಯಾಗ ಒತ್ತಿ ಇಡ್ರಿ, ವರ್ಷಾನಗಟ್ಲೆ ಹುಳ ಬೀಳಂಗಿಲ್ಲ.) ಒಂದು ಬೀಜ ಅಂದ್ರ 500 ರೂಪಾಯಿ. ಮೊದಲನೇ ಮನಿ ಏಪ್ರಿಲ್, ಕೊನಿದು ಮಾರ್ಚ್. ತಿಂಗಳಾ ಬರೋ ಖರ್ಚಿಗೆ ಬೀಜ ಇಲ್ಲ. ವರ್ಷಕ್ಕೊಮ್ಮೆ ಬರೋದಕ್ಕಷ್ಟೇ, ಅದು ಬರೋ ತಿಂಗಳ ಮನ್ಯಾಗ.

ಸೊಸಿನ ಕೈಯಿಂದನ ಹಾಕಿಸಿದೆ. ಏಪ್ರಿಲಿಗೆ ಮನಿ ಕರಕ್ಕ ನಾಕು ಬೀಜ, ವರ್ಷದ ಮೆಣಸಿನಕಾಯಿ ಬ್ಯಾಳಿಗೆ ಎಂಟು. ಜೂನಿಗೆ ಸಾಲಿ ಫೀಸು, ಪುಸ್ತಕ, ನಲವತ್ನಾಕು. ಶ್ರಾವಣದಾಗ ಪಂಚಮಿಗೆ ಉಂಡಿ, ನಾದಿನಿ ಸೀರಿ, ಹತ್ತು. ಅಕ್ಟೋಬರಿನ ಹಬ್ಬಕ್ಕ ಹದಿನಾರು. ಜನವರ್ಯಾಗ ಗವಿಸಿದ್ಧೇಶ್ವರ ಜಾತ್ರಿಗೆ ಬರೋ ಬೀಗರಿಗೆ, ಗಾಡಿ ಇನ್ಶೂರೆನ್ಸಿಗೆ ಹದಿನಾಕು. ಮಾರ್ಚಿಗೆ ವಿಮಾ ಕಂತು, ಇಪ್ಪತ್ನಾಕು. ಆರು ಮನಿ ಖಾಲಿ, ಜೂನ್ ಮನ್ಯಾಗ ಗುಡ್ಡ. ಅಕಿ ಆ ಗುಡ್ಡ ನೋಡಿ, "ಅತ್ತಿ, ಇದಕ್ಕನ ನಾವು ಪ್ರತಿ ಜೂನ್ ಕೈಗಡ ತರ್ತೀವಿ" ಅಂದ್ಲು. ಡೈರಿಯೊಳಗ ಇದು ಕಾಣಂಗಿಲ್ಲ, ನೆಲದ ಮ್ಯಾಲೆ ಕಾಣತೈತಿ.

ಆಮ್ಯಾಲೆ ಎಲ್ಲಾ ಬೀಜ ಒಟ್ಟು ಮಾಡಿ ಹನ್ನೆರಡೂ ಮನಿಗೆ ಸಮ ಹಂಚ್ರಿ. 120 ಬೀಜ, ಮನಿಗೆ ಹತ್ತು, ಅಂದ್ರ ತಿಂಗಳಿಗೆ 5,000. ಅಷ್ಟನ್ನ ಪಗಾರ ಬಿದ್ದ ದಿನನ ಬ್ಯಾರೆ ಉಳಿತಾಯ ಖಾತೆಗೆ ಹಾಕಬೇಕು. ಆ ಖಾತೆಗೆ ಫೋನ್ ಪಾವತಿ ಜೋಡಸಬಾರದು. ಆರ್‌ಡಿ ಮಾಡ್ತೀವಿ ಅಂತೀರಿ, ಇದಕ್ಕ ಅದು ಆಗಿಬರಂಗಿಲ್ಲ. ನಡುನಡುವ ತಗೀಬೇಕಾಗತೈತಿ, ಅದೂ ಪೋಸ್ಟ್ ಆಫೀಸಿಂದು ಐದು ವರ್ಷದ್ದು.

ಒಂದು ಕಡೆ ಎಲ್ಲಾರೂ ಜಾರತಾರ. ಏಪ್ರಿಲಿಂದ 5,000 ಹಾಕಿದ್ರ ಜೂನಿನೊಳಗ ಕೂಡೋದು 15,000, ಬೇಕಾಗೋದು ಏಪ್ರಿಲ್ ಜೂನ್ ಸೇರಿ 28,000. ಅದಕ್ಕ ಮೊದಲನೇ ವರ್ಷ ಮಾತ್ರ ಮಾರ್ಚ್ 31ಕ್ಕ ಕೈಯಾಗ ಉಳದ ಆ 15,000ನೂ ಇದಕ್ಕ ಕೊಡ್ರಿ, ಎರಡು ಸಾವಿರ ಉಳೀತೈತಿ. ಜುಲೈಯಿಂದ ಹಾಕಿದ್ದು ಮುಂದಿನ ಜೂನಿಗೆ ಸರಿಯಾಗಿ ಮುಟ್ಟತೈತಿ.

96,000ದಾಗ ಬೀಜದ 60,000 ಹೋದ್ರ 36,000 ಉಳೀತು, ತಿಂಗಳಿಗೆ ಮೂರು ಸಾವಿರ. ಪಾಸ್‌ಬುಕ್ಕಿನಾಗ ಕೆಂಪು ಪೆನ್ಸಿಲ್ ಹಿಡಕೊಂಡು ಹುಡುಕಿದ್ರ 40, 60, 120, ಬರೇ ಫೋನ್ ಪಾವತಿ. ಸಂಜಿಗೆ ಒಗ್ಗರಣಿ ಮಿರ್ಚಿ, ಚಹಾ, ಆಟೊ, ಆನ್‌ಲೈನ್ ಸಾಮಾನು. ಅವ ಒಮ್ಮೆಲೆ, "ನಾಳಿಂದ ಪೂರಾ ಬಂದ್" ಅಂದ. ಬೈದೆ. ಪೂರಾ ಬಂದ್ ಅಂದವ್ರು ಹದಿನೈದು ದಿನಕ್ಕ ಕೈ ಬಿಡ್ತಾರ. ಅರ್ಧ ಮಾಡು, ತಿಂಗಳಿಗೆ 1,500 ಅಂತ ಬರೀ ಅಂದೆ.

ಹಂಗಾದ್ರ ತಿಂಗಳಿಗೆ ಬರೋ 39,500ರಾಗ ಮನಿ ಖರ್ಚಿನ 32,000, ಬೀಜದ 5,000, ಈ 1,500 ಕಳದ್ರ ನಿಜವಾಗಿ ಉಳಿಯೋದು 1,000, ವರ್ಷಕ್ಕ 12,000. "ಈ ವರ್ಷ ಬಂಗಾರ ಬಿಡಿಸ್ತೀವಿ" ಅಂತ ಬರ್ಯಾಕ ಹೊಂಟಿದ್ದ, ಹೆಂಗ ಬಿಡಸ್ತಿ? ಬಡ್ಡಿ ಸುಮಾರು ನಾಕು ಸಾವಿರ, ಅದು ಮೊದಲು. ಉಳದ ಎಂಟು ಅಸಲಿಗೆ. ಸಾಲ 32,000ಕ್ಕ ಇಳೀತೈತಿ, ಅಷ್ಟೇ ಗುರಿ. ಪಗಾರ ಏರಿದ್ರ ಏರಿದ್ದೆಲ್ಲಾ ಅದಕ್ಕ. ವರ್ಷ ತುಂಬೂದ್ರೊಳಗ ಬಡ್ಡಿ ಕಟ್ಟಿ ಬ್ಯಾಂಕಿನಾಗ ಹೊಸದಾಗಿ ಬರಸ್ಕೊಳ್ರಿ, ನೋಟೀಸು ಬರೋತನಕ ಕಾಯಬ್ಯಾಡ್ರಿ.

ಪಾಸ್‌ಬುಕ್ ಮುಚ್ಚೋಕ ಮೊದಲು ಖಾತೆಗೆ, ವಿಮಾಕ್ಕ ನಾಮಿನಿ ಯಾರು ಅಂತ ನೋಡ್ರಿ, ಮದುವಿಗೆ ಮೊದಲು ತಗದ ಖಾತೆಯಾಗ ಇನ್ನೂ ಅವ್ವನ ಹೆಸರೇ ಇರತೈತಿ. ಮೇ ಕೊನಿಗೆ ಪ್ರಧಾನಮಂತ್ರಿ ಎರಡೂ ವಿಮಾದ 436, 20 ರೂಪಾಯಿ ತಾನೇ ಕಟ್ ಆಗತೈತಿ, ಆ ಖಾತೆ ಖಾಲಿ ಇಡಬ್ಯಾಡ್ರಿ. ಮನಿ ಕರ ಏಪ್ರಿಲ್‌ನಾಗ ಕಟ್ಟಿದ್ರ ನೂರಕ್ಕ ಐದು ರಿಯಾಯಿತಿ ಸಿಗತೈತಿ.

ಬೀಜ ಚೆಲ್ಲಬ್ಯಾಡ್ರಿ. ಒಂದು ಡಬ್ಬ್ಯಾಗ ಹಾಕಿ, ಮ್ಯಾಲೆ ಮಾರ್ಚ್ 31ರ ಬಾಕಿ ಚೀಟಿ ಬರದು ಇಡ್ರಿ. ಮುಂದಿನ ವರ್ಷದ ಲೆಕ್ಕ ಆ ಅಂಕಿಯಿಂದನ ಸುರು.